ಮುಂದಿನ ಮೂರು ತಿಂಗಳಿಗೆ ಸಪ್ಲೈಯರ್‌ನಿಂದ ಕೆಪಾಸಿಟಿ ಒಪ್ಪಿಗೆ ಪಡೆಯುವುದು ಹೇಗೆ?

"ಮುಂದಿನ ಮೂರು ತಿಂಗಳಿಗೆ ಒಂದು ಲಕ್ಷ ಪೀಸ್ ಬೇಕು, ಆಗುತ್ತಲ್ವಾ?"

"ಆಗುತ್ತೆ ಸರ್, ಮಾಡೋಣ."

ಮಾತು ಇಲ್ಲಿಗೇ ಮುಗಿದು, ಒಂಬತ್ತನೇ ವಾರದಲ್ಲಿ ಮಾಲು ಬಾರದೆ ಲೈನ್ ನಿಂತದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಸಪ್ಲೈಯರ್ ಸುಳ್ಳು ಹೇಳಿರುವುದಿಲ್ಲ. ಲಕ್ಷ ಆಗುತ್ತಾ ಎಂದು ಕೇಳಿದೆವು, ಆಗುತ್ತೆ ಎಂದ. ಯಾವ ವಾರಕ್ಕೆ ಎಷ್ಟು ಎಂದು ನಾವು ಕೇಳಲೇ ಇಲ್ಲ.

1. ಶೀಟ್ ಸಿದ್ಧಮಾಡಿ

ಒಂದು ಪಾರ್ಟ್‌ಗೆ ಒಂದು ಸಾಲು, ಒಂದು ವಾರಕ್ಕೆ ಒಂದು ಕಾಲಂ. ಸಪ್ಲೈಯರ್ ಬಳಸುವ ಪಾರ್ಟ್ ನಂಬರನ್ನೇ ಹಾಕಿ. ಇಷ್ಟು ಸಾಕು. ಅರವತ್ತು ಕಾಲಂ ಇರುವ ರೆಡಿಮೇಡ್ ಟೆಂಪ್ಲೇಟ್‌ಗಳು ಬೇಡವೇ ಬೇಡ. ಅವನ್ನು ಆ ಕಡೆ ಯಾರೂ ಪೂರ್ತಿ ಓದುವುದಿಲ್ಲ.

ಮೂರು ತಿಂಗಳ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಎಲ್ಲ ವಾರಕ್ಕೂ ಒಂದೇ ಸಂಖ್ಯೆ ತುಂಬುವ ಶಾರ್ಟ್‌ಕಟ್ ಕೂಡ ಬೇಡ. ಏರಿಳಿತ ಎಲ್ಲಿದೆಯೋ ತೊಂದರೆ ಇರುವುದೂ ಅಲ್ಲೇ. ಭಾಗಿಸಿದರೆ ಅದು ಮುಚ್ಚಿಹೋಗುತ್ತದೆ.

2. ಪಿಒ ಬೇರೆ, ಅಂದಾಜು ಬೇರೆ

ಈಗಾಗಲೇ ಕೊಟ್ಟಿರುವ ಪಿಒ, ಅಂದರೆ ಖರೀದಿ ಆರ್ಡರ್, ಈ ಸಂಖ್ಯೆಯ ಒಳಗೇ ಇದೆಯೋ, ಇದರ ಮೇಲೆ ಬೇರೆಯೋ? ಇದನ್ನು ಶೀಟ್‌ನ ತಲೆಯಲ್ಲೇ ಒಂದು ಸಾಲಿನಲ್ಲಿ ಬರೆಯಿರಿ. ಬರೆಯದಿದ್ದರೆ ಸಪ್ಲೈಯರ್ ಎರಡನ್ನೂ ಕೂಡಿಸಿಕೊಂಡು ಕಚ್ಚಾ ಮಾಲು ತರಿಸಬಹುದು, ಅಥವಾ ಒಂದನ್ನು ಬಿಟ್ಟೇಬಿಡಬಹುದು.

3. ವಾರಗಳನ್ನು ಮೂರು ಪಾಲು ಮಾಡಿ

ಮೊದಲ ನಾಲ್ಕು ವಾರ ಪಕ್ಕಾ, ಇದರಲ್ಲಿ ಬದಲಾವಣೆ ಇಲ್ಲ. ಮುಂದಿನ ನಾಲ್ಕು ವಾರ ಶೇ 15ರಷ್ಟು ಹೆಚ್ಚು ಕಡಿಮೆ ಆಗಬಹುದು. ಕೊನೆಯ ನಾಲ್ಕು ಬರೀ ಅಂದಾಜು. ನಿಮ್ಮ ಪಾರ್ಟ್‌ಗೆ ಈ ಗಡಿಗಳು ಬೇರೆ ಇರಬಹುದು, ಆದರೆ ಗಡಿ ಇರಲೇಬೇಕು. ಪಕ್ಕಾ ಭಾಗ ಸಪ್ಲೈಯರ್‌ಗೆ ಮಾಲು ತಯಾರಿಸಲು ಬೇಕಾಗುವ ಸಮಯಕ್ಕಿಂತ ಚಿಕ್ಕದಾಗಿರಬಾರದು.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. "ಇರಲಿ, ರೆಡಿ ಇರ್ತಾರೆ" ಎಂದು ಶೇ 20 ಸೇರಿಸಿ ಕಳಿಸಬೇಡಿ. ಎರಡು ಮೂರು ತಿಂಗಳಲ್ಲಿ ಸಪ್ಲೈಯರ್ ಅದನ್ನು ಕಂಡುಹಿಡಿದು ತಾನೂ ಶೇ 20 ಕತ್ತರಿಸಲು ಶುರುಮಾಡುತ್ತಾನೆ. ನಿಜವಾಗಿ ಬೇಡಿಕೆ ಏರಿದ ದಿನವೂ ಆತ ಕತ್ತರಿಸುತ್ತಾನೆ.

4. ಕೆಪಾಸಿಟಿ ಕೇಳಿ

ಎಲ್ಲರೂ ಎಡವುವ ಹೆಜ್ಜೆ ಇದು. ಪೀಸ್ ಲೆಕ್ಕದಲ್ಲಿ ಕೇಳಿದರೆ "ಆಗುತ್ತೆ" ಎಂಬ ಉತ್ತರವೇ ಬರುತ್ತದೆ. ಮೆಷಿನ್ ಗಂಟೆಗಳ ಲೆಕ್ಕದಲ್ಲಿ ಕೇಳಿ. ಒಂದು ಪ್ಲಾಸ್ಟಿಕ್ ಕವರ್‌ನ ಉದಾಹರಣೆ ಇಟ್ಟುಕೊಂಡು ನೋಡೋಣ.

ಮೋಲ್ಡ್‌ನಲ್ಲಿ ಎರಡು ಕ್ಯಾವಿಟಿ, ಅಂದರೆ ಒಂದು ಶಾಟ್‌ಗೆ ಎರಡು ಪೀಸ್. ಒಂದು ಶಾಟ್‌ಗೆ ಹಿಡಿಯುವ ಸೈಕಲ್ ಟೈಮ್ 45 ಸೆಕೆಂಡ್. ಅಂದರೆ ಗಂಟೆಗೆ 80 ಶಾಟ್, 160 ಪೀಸ್. ದಿನಕ್ಕೆ ಎಂಟು ಗಂಟೆಯ ಎರಡು ಶಿಫ್ಟ್, ವಾರಕ್ಕೆ ಆರು ದಿನ, ಒಟ್ಟು 96 ಗಂಟೆ. ಮೋಲ್ಡ್ ಬದಲಾವಣೆ, ರಿಪೇರಿ, ರಿಜೆಕ್ಷನ್ ಎಲ್ಲ ಕಳೆದು ಶೇ 80 ಕೈಗೆ ಸಿಗುತ್ತದೆ ಎಂದುಕೊಳ್ಳಿ. ವಾರಕ್ಕೆ 12,288 ಪೀಸ್.

ನಮಗೆ ಬೇಕಿರುವುದು ಮೊದಲ ತಿಂಗಳು ವಾರಕ್ಕೆ 7,000, ಎರಡನೇ ತಿಂಗಳು 8,000, ಮೂರನೇ ತಿಂಗಳು 10,000. ಹನ್ನೆರಡು ವಾರಕ್ಕೆ ಸರಿಯಾಗಿ ಒಂದು ಲಕ್ಷ. ಆರಾಮಾಗಿ ಆಗುತ್ತೆ ಅನಿಸುತ್ತದೆ, ಅಲ್ವಾ?

ಈಗ ಮುಖ್ಯ ಪ್ರಶ್ನೆ ಕೇಳಿ: "ಈ ಮೆಷಿನ್ ವಾರದಲ್ಲಿ ಎಷ್ಟು ದಿನ ನಮ್ಮದು?" ಅದೇ ಮೆಷಿನ್‌ನಲ್ಲಿ ಬೇರೆಯವರ ಮೋಲ್ಡ್ ಕೂಡ ಓಡುತ್ತಿದ್ದು, ನಮಗೆ ನಾಲ್ಕೇ ದಿನ ಎಂದು ಗೊತ್ತಾಯಿತು. ಆಗ ಸಿಗುವುದು ವಾರಕ್ಕೆ 8,192. ಎರಡನೇ ತಿಂಗಳು ಹೇಗೋ ದಾಟುತ್ತದೆ. ಮೂರನೇ ತಿಂಗಳು ವಾರವಾರವೂ 1,808 ಪೀಸ್ ಕೊರತೆ, ನಾಲ್ಕು ವಾರಕ್ಕೆ 7,232.

ಕೊರತೆ ಎರಡು ತಿಂಗಳು ಮೊದಲೇ ಕಂಡರೆ ದಾರಿಗಳಿವೆ. ಮೂರನೇ ತಿಂಗಳಲ್ಲಿ ವಾರಕ್ಕೊಂದು ದಿನ ಹೆಚ್ಚುವರಿ ಓಡಿಸಬಹುದು. ಒಂದು ದಿನಕ್ಕೆ 2,048 ಪೀಸ್ ಬರುತ್ತದೆ. ಇಲ್ಲವೇ ಮೊದಲೆರಡು ತಿಂಗಳಲ್ಲಿ ಉಳಿಯುವ ಸಮಯದಲ್ಲೇ ಮುಂಚಿತವಾಗಿ ಮಾಡಿಟ್ಟುಕೊಳ್ಳಬಹುದು. ಆ ಉಳಿಕೆ 5,536 ಪೀಸ್. ಬಾಕಿ 1,696ಕ್ಕೆ ಒಂದೇ ಒಂದು ಹೆಚ್ಚುವರಿ ದಿನ ಸಾಕು. ನನಗೆ ಎರಡನೆಯದೇ ಇಷ್ಟ. ಆದರೆ ಮುಂಚಿತವಾಗಿ ಮಾಡಿಟ್ಟ ಮಾಲಿಗೆ ಪಿಒ ಕೊಡಲೇಬೇಕು. ನಮ್ಮ ಮಾತು ನಂಬಿ ಗೋದಾಮು ತುಂಬಿಸಿದವನನ್ನು ಬೇಡಿಕೆ ಬಿದ್ದಾಗ ಕೈಬಿಡುವುದು ತಪ್ಪು.

ಕೆಪಾಸಿಟಿ ಎಂದರೆ ಮೆಷಿನ್ ಮಾತ್ರ ಅಲ್ಲ. ಪ್ಲಾಸ್ಟಿಕ್ ಕಾಳು ಬರಲು ಆರು ವಾರ ಬೇಕು ಎಂದಿಟ್ಟುಕೊಳ್ಳಿ. ಹತ್ತನೇ ವಾರದ ಪೀಸ್‌ಗೆ ಅದನ್ನು ನಾಲ್ಕನೇ ವಾರಕ್ಕೆ ಮೊದಲೇ ಆರ್ಡರ್ ಮಾಡಿರಬೇಕು. ಆಗ ನಮ್ಮ ಶೀಟ್‌ನಲ್ಲಿ ಹತ್ತನೇ ವಾರ ಇನ್ನೂ ಬರೀ ಅಂದಾಜು. ಸಪ್ಲೈಯರ್ ಹಿಂದೇಟು ಹಾಕುವುದು ಸಹಜ. ಆದ್ದರಿಂದ ಎಷ್ಟು ವಾರದ ಕಚ್ಚಾ ಮಾಲಿನ ಹೊಣೆ ನಮ್ಮದು, ಎಷ್ಟು ವಾರದ ತಯಾರಾದ ಮಾಲಿನ ಹೊಣೆ ನಮ್ಮದು ಎಂದು ಬರೆದುಕೊಡಿ. ಈ ಎರಡು ಸಾಲಿಲ್ಲದೆ ಕೆಪಾಸಿಟಿ ಕೇಳುವುದು ನ್ಯಾಯವಲ್ಲ.

ನಾನು ಮೇಲ್‌ನಲ್ಲಿ ಕೇಳುವುದು ಇಷ್ಟೇ:

"ಪ್ರತಿ ವಾರಕ್ಕೆ ನಮಗಾಗಿ ಎಷ್ಟು ಮೆಷಿನ್ ಗಂಟೆ ಮೀಸಲು? ಅದರಲ್ಲಿ ಎಷ್ಟು ಒಳ್ಳೆಯ ಪೀಸ್ ಬರುತ್ತದೆ? ಶೇ 15 ಹೆಚ್ಚು ಬೇಕಾದರೆ ಎಷ್ಟು ವಾರ ಮೊದಲು ತಿಳಿಸಬೇಕು? ಕಚ್ಚಾ ಮಾಲು ಎಷ್ಟನೇ ವಾರದವರೆಗೆ ಕೈಯಲ್ಲಿದೆ? ದಯವಿಟ್ಟು ಬರುವ ಗುರುವಾರದೊಳಗೆ ಶೀಟ್ ತುಂಬಿ ಕಳಿಸಿ."

ಕೇಳುವಾಗ ಅವರ ಪ್ಲಾನಿಂಗ್ ನೋಡುವವರನ್ನೂ ಮೇಲ್‌ಗೆ ಸೇರಿಸಿ. ಸೇಲ್ಸ್‌ನವರಿಗೆ ಇಲ್ಲ ಎನ್ನುವುದು ಕಷ್ಟ. ಒಮ್ಮೆ ಒಬ್ಬ ಸಪ್ಲೈಯರ್ ಹತ್ತಿರ ಹೋಗಿದ್ದಾಗ ಸೇಲ್ಸ್‌ನವರು ಕಾಫಿ ಕೊಟ್ಟು "ಎಲ್ಲ ಸರಿ ಇದೆ" ಎಂದರು. ಹೊರಡುವಾಗ ಪ್ಲಾನರ್ ಗೋಡೆಯ ಬೋರ್ಡ್ ನೋಡಿದೆ. ನಮ್ಮ ಮೆಷಿನ್ ಎದುರು ಎರಡು ವಾರ "ಮೋಲ್ಡ್ ರಿಪೇರಿ" ಎಂದು ಕೆಂಪು ಮಾರ್ಕರ್‌ನಲ್ಲಿ ಬರೆದಿತ್ತು. ಅದು ಸೇಲ್ಸ್‌ನವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

5. ಉತ್ತರವನ್ನು ಪರೀಕ್ಷಿಸಿ

ನಾವು ಕೇಳಿದ ಸಂಖ್ಯೆಗಳೇ ಹನ್ನೆರಡು ವಾರವೂ ಹಾಗೇ ವಾಪಸ್ ಬಂದಿದ್ದರೆ ಯಾರೂ ಲೆಕ್ಕ ಹಾಕಿಲ್ಲ, ಸುಮ್ನೆ ಕಾಪಿ ಮಾಡಿದ್ದಾರೆ ಎಂದೇ ತಿಳಿಯಿರಿ. ಫೋನ್ ಮಾಡಿ ಅತಿ ದೊಡ್ಡ ವಾರ ಒಂದನ್ನೇ ಹಿಡಿದು ಗಂಟೆಗಳ ಲೆಕ್ಕ ಕೇಳಿ. "ಹತ್ತನೇ ವಾರ 8,200 ಮಾತ್ರ ಆಗುತ್ತೆ" ಎಂಬ ಉತ್ತರ ಬಂದರೆ ಬೇಸರ ಬೇಡ. ಅವರು ಕೂತು ಲೆಕ್ಕ ಮಾಡಿದ್ದಾರೆ.

6. ಪ್ರತಿ ತಿಂಗಳು ಮುಂದೆ ಸರಿಸಿ

ಮುಗಿದ ನಾಲ್ಕು ವಾರ ತೆಗೆದು, ಕೊನೆಗೆ ಹೊಸ ನಾಲ್ಕು ಸೇರಿಸಿ. ಕಳೆದ ಶೀಟ್‌ಗಿಂತ ಶೇ 10ಕ್ಕಿಂತ ಜಾಸ್ತಿ ಬದಲಾದ ಮನೆಗಳಿಗೆ ಬಣ್ಣ ಹಚ್ಚಿ, ಪಕ್ಕದಲ್ಲಿ ಕಾರಣ ಬರೆಯಿರಿ. ಸಿಸ್ಟಮ್‌ನಿಂದ ವಾರವಾರವೂ ಬರುವ ಫೈಲನ್ನು ನೋಡದೆ ಫಾರ್ವರ್ಡ್ ಮಾಡುವುದನ್ನು ಬಿಡಿ. ಸಂಖ್ಯೆಗಳು ದಿನಕ್ಕೊಂದು ಕಡೆ ಕುಣಿದರೆ ಆ ಕಡೆಯವರು ಶೀಟ್ ತೆರೆಯುವುದನ್ನೇ ನಿಲ್ಲಿಸುತ್ತಾರೆ. ಕೆಳಗೆ ಎರಡು ಸಾಲು ಇರಲಿ: ಕಳೆದ ತಿಂಗಳು ನಾವು ಹೇಳಿದ್ದೆಷ್ಟು, ತೆಗೆದುಕೊಂಡದ್ದೆಷ್ಟು. ಅವರು ಒಪ್ಪಿದ್ದೆಷ್ಟು, ಕಳಿಸಿದ್ದೆಷ್ಟು. ಮೊದಲ ಸಾಲು ನಮ್ಮದೇ ಇರಲಿ.