ಹತ್ತು ವರ್ಷಕ್ಕೆ ಎಷ್ಟು ಬೇರಿಂಗ್ ಬೇಕು? ಇಂಟಿಗ್ರಲ್ ಒಳಗೆ ಸಿಕ್ಕಿಕೊಂಡ ಉತ್ತರವನ್ನು ಹೊರಗೆ ತೆಗೆಯುವ ಬಗೆ

ನೀರು ಸರಬರಾಜಿನ ಒಂದು ಪಂಪ್‌ಹೌಸ್ ಇದೆ ಎಂದುಕೊಳ್ಳಿ. ಅಲ್ಲಿ ಒಂದೇ ಮಾದರಿಯ 100 ಮೋಟಾರ್‌ಗಳಿವೆ, ಎಲ್ಲದಕ್ಕೂ ಇವತ್ತು ಹೊಸ ಬೇರಿಂಗ್ ಹಾಕಿದ್ದಾರೆ. ಬೇರಿಂಗ್‌ನ ಸರಾಸರಿ ಆಯಸ್ಸು 2 ವರ್ಷ. ಹೋದ ಕೂಡಲೇ ಬದಲಾಯಿಸುತ್ತಾರೆ. ಹಾಗಾದರೆ ಮುಂದಿನ 2 ವರ್ಷಕ್ಕೆ ಎಷ್ಟು ಬೇರಿಂಗ್ ತರಿಸಿಡಬೇಕು? ಬಾಯಿಗೆ ಬರುವ ಮೊದಲ ಉತ್ತರ 100. ಸರಿಯಾದ ಉತ್ತರ ಸುಮಾರು 75. ಈ 25ರ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕಲು ಹೊರಟರೆ, ಹುಡುಕುತ್ತಿರುವ ಫಲನವೇ ಇಂಟಿಗ್ರಲ್ ಒಳಗೆ ಕೂತಿರುವ ಸಮೀಕರಣವೊಂದು ಎದುರಾಗುತ್ತದೆ. ಅದನ್ನು ಲ್ಯಾಪ್ಲಾಸ್ ಪರಿವರ್ತನೆಯಿಂದ ಬಿಡಿಸುವುದು ಹೇಗೆಂದು ಈ ಒಂದೇ ಲೆಕ್ಕದಲ್ಲಿ ನೋಡೋಣ.

ಮೊದಲು ಸಮೀಕರಣ ಕಟ್ಟಬೇಕು

ಬೇರಿಂಗ್ ಎರಡು ಹಂತದಲ್ಲಿ ಹಾಳಾಗುತ್ತದೆ ಎಂದಿಟ್ಟುಕೊಳ್ಳೋಣ. ಮೊದಲು ಸೀಲ್ ದಾಟಿ ಮರಳಿನ ಕಣ ಒಳಗೆ ಹೋಗಿ ಸದ್ದು ಶುರುವಾಗುತ್ತದೆ. ಆಮೇಲೆ ಯಾವಾಗಲೋ ಬೇರಿಂಗ್ ಹಿಡಿದುಕೊಳ್ಳುತ್ತದೆ. ಪ್ರತಿ ಹಂತವೂ ಸರಾಸರಿ 1 ವರ್ಷ ತೆಗೆದುಕೊಳ್ಳುತ್ತದೆ. ಹಂತದೊಳಗೆ ಎಷ್ಟು ದಿನ ಕಳೆದಿದ್ದರೂ ನಾಳೆ ಆ ಹಂತ ಮುಗಿಯುವ ಸಂಭವ ಇವತ್ತಿನಷ್ಟೇ. ಹೀಗಿದ್ದಾಗ ಆಯಸ್ಸಿನ ಸಾಂದ್ರತೆ f, ಮತ್ತು t ವರ್ಷದೊಳಗೆ ಬೇರಿಂಗ್ ಹೋಗಿರುವ ಸಂಭವನೀಯತೆ F ಹೀಗೆ ಬರುತ್ತವೆ:

```
f(t) = t e^(-t)
F(t) = 1 - (1 + t) e^(-t)
```

ಒಂದು ಮೋಟಾರ್‌ಗೆ t ವರ್ಷದೊಳಗೆ ಸರಾಸರಿ ಎಷ್ಟು ಸಲ ಬೇರಿಂಗ್ ಬದಲಾಯಿಸಬೇಕಾಗುತ್ತದೋ ಅದನ್ನು m(t) ಎನ್ನೋಣ. ನಮಗೆ ಬೇಕಾದದ್ದು ಇದೇ.

ಈಗ ಮೊದಲ ಬೇರಿಂಗ್ ಯಾವಾಗ ಹೋಯಿತು ಎಂದು ಕೇಳಿ. ಅದು τ ಹೊತ್ತಿಗೆ ಹೋಗಿದ್ದರೆ ಆಗಲೇ ಒಂದು ಬದಲಾವಣೆ ಆಯಿತು. ಆ ಕ್ಷಣಕ್ಕೆ ಹೊಸ ಬೇರಿಂಗ್ ಬಂದಿರುವುದರಿಂದ ಕಥೆ ಮತ್ತೆ ಮೊದಲಿನಿಂದ ಶುರು. ಉಳಿದ ಕಾಲ t − τ ಮಾತ್ರ, ಅದರಲ್ಲಿ ಇನ್ನೂ m(t − τ) ಬದಲಾವಣೆ ನಿರೀಕ್ಷಿಸಬಹುದು. τ ಎಂಬುದು 0ಯಿಂದ t ವರೆಗೆ ಎಲ್ಲಿ ಬೇಕಾದರೂ ಇರಬಹುದಾದ್ದರಿಂದ ಎಲ್ಲವನ್ನೂ ಕೂಡಿದರೆ:

```
m(t) = F(t) + ∫[0→t] m(t - τ) f(τ) dτ
```

ಎಡಗಡೆಯಲ್ಲಿ m, ಬಲಗಡೆ ಇಂಟಿಗ್ರಲ್ ಒಳಗೂ m. ಒಳಗಿನದನ್ನು ಕಂಡುಹಿಡಿಯಲು ಹೊರಗಿನದು ಬೇಕು, ಹೊರಗಿನದಕ್ಕೆ ಒಳಗಿನದು ಬೇಕು. ಬೀಜವೃಕ್ಷ ನ್ಯಾಯ ಎನ್ನುತ್ತಾರಲ್ಲ, ಅದೇ.

ಪರಿವರ್ತಿಸುವ ಮುಂಚೆ ಎರಡು ಗುರುತು ನೋಡಿ

ಈ ಇಂಟಿಗ್ರಲ್ ಕನ್ವಲ್ಯೂಷನ್ ಹೌದೋ ಅಲ್ಲವೋ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಒಂದು ಫಲನದಲ್ಲಿ τ, ಇನ್ನೊಂದರಲ್ಲಿ t − τ ಇರಬೇಕು; t ಮತ್ತು τ ಬೇರೆ ಯಾವ ರೀತಿಯಲ್ಲೂ ಬೆರೆತಿರಬಾರದು. ಹಾಗೆಯೇ ಇಂಟಿಗ್ರಲ್‌ನ ಮಿತಿ 0ಯಿಂದ t ವರೆಗೆ ಇರಬೇಕು. ಮೇಲಿನ ಮಿತಿ 1 ಅಥವಾ 10 ಎಂಬ ಸ್ಥಿರ ಸಂಖ್ಯೆಯಾಗಿದ್ದರೆ, ನೋಡಲು ಎಷ್ಟೇ ಒಂದೇ ಥರ ಇದ್ದರೂ ಅದು ಬೇರೆ ಜಾತಿಯ ಸಮೀಕರಣ, ಮುಂದಿನ ಹೆಜ್ಜೆ ಅಲ್ಲಿ ನಡೆಯುವುದಿಲ್ಲ.

ಈ ಎರಡು ಗುರುತು ಯಾಕೆ ಬೇಕು ಎಂಬುದು ಲ್ಯಾಪ್ಲಾಸ್ ಪರಿವರ್ತನೆಯ ಒಳಗೇ ಇದೆ. ಫಲನವನ್ನು e^(-st) ಇಂದ ಗುಣಿಸಿ 0ಯಿಂದ ಅನಂತದವರೆಗೆ ಅನುಕಲಿಸಿದರೆ ಬರುವುದೇ ಅದರ ಪರಿವರ್ತಿತ ರೂಪ. t ಎಂದರೆ τ ಮತ್ತು (t − τ) ಇವೆರಡರ ಮೊತ್ತ. ಹಾಗಾಗಿ e^(-st) ಎಂಬುದು e^(-sτ) ಮತ್ತು e^(-s(t-τ)) ಎಂದು ಎರಡಾಗಿ ಸೀಳುತ್ತದೆ. ಒಂದು ತುಂಡು f ಪಾಲಿಗೆ, ಇನ್ನೊಂದು m ಪಾಲಿಗೆ ಹೋಗುತ್ತದೆ. ಹೆಣೆದುಕೊಂಡಿದ್ದ ಇಂಟಿಗ್ರಲ್ ಎರಡು ಬಿಡಿ ಇಂಟಿಗ್ರಲ್‌ಗಳ ಗುಣಲಬ್ಧವಾಗುತ್ತದೆ. ಈ ಸೀಳುವಿಕೆ ನಡೆಯುವುದು ಅಲ್ಲಿ t − τ ಇದ್ದಾಗ ಮಾತ್ರ.

ಎರಡೂ ಬದಿಗೆ ಪರಿವರ್ತನೆ

m(t) ಯಾವುದೆಂದು ನಮಗಿನ್ನೂ ಗೊತ್ತಿಲ್ಲ. ಪರವಾಗಿಲ್ಲ, ಅದರ ಪರಿವರ್ತಿತ ರೂಪಕ್ಕೆ M(s) ಎಂದು ಹೆಸರಿಟ್ಟು ಮುಂದೆ ಹೋಗಿ. f(t) = t e^(-t)ಗೆ ಕೋಷ್ಟಕದಿಂದ 1/(s+1)² ಸಿಗುತ್ತದೆ. F ಎಂಬುದು f ನ ಇಂಟಿಗ್ರಲ್ ಆದ್ದರಿಂದ ಅದಕ್ಕೆ ಇನ್ನೊಂದು s ನಿಂದ ಭಾಗಿಸಿದರೆ ಸಾಕು:

```
M(s) = 1/(s(s+1)²) + M(s) · 1/(s+1)²
```

ಇಲ್ಲಿ ಇಂಟಿಗ್ರಲ್ ಚಿಹ್ನೆಯೇ ಇಲ್ಲ. ಉಳಿದಿರುವುದು ಹೈಸ್ಕೂಲಿನ ಬೀಜಗಣಿತ. M(s) ಇರುವ ಪದವನ್ನು ಎಡಕ್ಕೆ ತಂದು, ಎರಡೂ ಬದಿಯನ್ನು (s+1)² ಇಂದ ಗುಣಿಸಿ:

```
M(s) [(s+1)² - 1] = 1/s
M(s) = 1/(s²(s+2))
```

(s+1)² − 1 ಎಂಬುದು s² + 2s, ಅಂದರೆ s(s+2). ಅದಕ್ಕೇ ಛೇದದಲ್ಲಿ s² ಬಂತು.

ಇಲ್ಲಿ ಚಿಹ್ನೆ ತಪ್ಪುವವರು ಬಹಳ. ಎಡಕ್ಕೆ ತರುವಾಗ ಮೈನಸ್ ಬದಲು ಪ್ಲಸ್ ಹಾಕಿದರೆ ಛೇದ s(s²+2s+2) ಆಗುತ್ತದೆ, ಕೊನೆಗೆ ಉತ್ತರದಲ್ಲಿ ಸೈನ್, ಕೊಸೈನ್ ಬಂದು ಕೂರುತ್ತವೆ, m(t) ಮೆಲ್ಲಗೆ 1/2ಕ್ಕೆ ಹೋಗಿ ನಿಲ್ಲುತ್ತದೆ. ಅಂದರೆ ಮೋಟಾರ್ ನೂರು ವರ್ಷ ಓಡಿದರೂ ಸರಾಸರಿ ಅರ್ಧ ಬೇರಿಂಗ್ ಸಾಕು ಎಂದಾಯಿತು! ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಅದು ಸುಳ್ಳು ಎಂದು ಈ ಒಂದು ನೋಟದಲ್ಲೇ ತಿಳಿಯುತ್ತದೆ.

ವಾಪಸ್ ಕಾಲಕ್ಕೆ

M(s) ಅನ್ನು ಕೋಷ್ಟಕದಲ್ಲಿರುವ ಬಿಡಿ ಪದಗಳಾಗಿ ಒಡೆಯಬೇಕು, ಅಂದರೆ ಪಾರ್ಷಿಯಲ್ ಫ್ರಾಕ್ಷನ್:

```
1/(s²(s+2)) = A/s + B/s² + C/(s+2)
```

ಎರಡೂ ಬದಿಯನ್ನು s²(s+2) ಇಂದ ಗುಣಿಸಿ s = 0 ಹಾಕಿದರೆ B = 1/2, s = −2 ಹಾಕಿದರೆ C = 1/4. A ಹೀಗೆ ನೇರವಾಗಿ ಸಿಗುವುದಿಲ್ಲ. ಬಲಗಡೆಯ ಪದಗಳನ್ನು ಒಂದೇ ಛೇದಕ್ಕೆ ತಂದಾಗ ಅಂಶದಲ್ಲಿ s² ನ ಸಹಗುಣಕ A + C; ಎಡಗಡೆ ಅಂಶದಲ್ಲಿ s² ಇಲ್ಲವೇ ಇಲ್ಲ. ಆದ್ದರಿಂದ A = −1/4. ಮೂರನ್ನೂ ಕೋಷ್ಟಕದಿಂದ ಹಿಂದಕ್ಕೆ ತಿರುಗಿಸಿದರೆ:

```
m(t) = t/2 - 1/4 + (1/4) e^(-2t)
```

ಛೇದದಲ್ಲಿ s² ಕಂಡಾಗ A/s ಪದವನ್ನೇ ಬರೆಯದೆ ಬಿಡುವುದು ಇಲ್ಲಿನ ಇನ್ನೊಂದು ಸಾಮಾನ್ಯ ತಪ್ಪು. ಅದನ್ನು ಹಿಡಿಯಲು t = 0 ಹಾಕಿ ನೋಡಿ. ಹೊಸ ಬೇರಿಂಗ್ ಹಾಕಿದ ಕ್ಷಣದಲ್ಲಿ ಬದಲಾವಣೆ ಸೊನ್ನೆ ಇರಬೇಕು. ಮೇಲಿನ ಉತ್ತರದಲ್ಲಿ −1/4 ಮತ್ತು +1/4 ಹೊಡೆದುಹೋಗಿ ಸೊನ್ನೆಯೇ ಬರುತ್ತದೆ. A ಬಿಟ್ಟಿದ್ದರೆ 1/4 ಉಳಿಯುತ್ತಿತ್ತು.

ಇನ್ನೊಂದು ದಾರಿಯಿಂದ ತಾಳೆ

t = 0 ಪರೀಕ್ಷೆ ಪಾಸಾದ ಮಾತ್ರಕ್ಕೆ ನನಗೆ ಸಮಾಧಾನವಿಲ್ಲ. ಪರಿವರ್ತನೆಯನ್ನು ಮುಟ್ಟದೆ ಒಂದು ಸಂಖ್ಯೆಯನ್ನಾದರೂ ಬೇರೆ ದಾರಿಯಿಂದ ಪಡೆದು ಹೋಲಿಸಬೇಕು. t = 1 ತೆಗೆದುಕೊಳ್ಳೋಣ. ಸೂತ್ರದ ಪ್ರಕಾರ m(1) = 0.5 − 0.25 + 0.0338 = 0.2838.

ಈಗ ಹಂತಗಳನ್ನೇ ಎಣಿಸಿ. ಒಂದು ವರ್ಷದಲ್ಲಿ ಮುಗಿಯುವ ಹಂತಗಳ ಸಂಖ್ಯೆ ಸರಾಸರಿ 1 ಇರುವ ಪಾಸೋನ್ ಹಂಚಿಕೆ. ಎರಡು ಹಂತ ಮುಗಿದರೆ ಒಂದು ಬೇರಿಂಗ್, ನಾಲ್ಕು ಮುಗಿದರೆ ಎರಡು, ಆರಕ್ಕೆ ಮೂರು. ಕನಿಷ್ಠ 2 ಹಂತ ಮುಗಿಯುವ ಸಂಭವನೀಯತೆ 0.2642, ಕನಿಷ್ಠ 4 ಮುಗಿಯುವುದು 0.0190, ಕನಿಷ್ಠ 6 ಮುಗಿಯುವುದು 0.0006. ಇವುಗಳ ಮೊತ್ತವೇ ಸರಾಸರಿ ಬದಲಾವಣೆ: 0.2838. ನಾಲ್ಕು ದಶಾಂಶದವರೆಗೆ ಕೂಡಿಬಂತು.

ಈ ಮೊತ್ತದ ಮೊದಲ ಪದ 0.2642 ಎಂಬುದು F(1) ಅಲ್ಲದೆ ಬೇರೇನಲ್ಲ. ಉಳಿದ 0.0196 ಇಂಟಿಗ್ರಲ್ ಭಾಗದ ಕೊಡುಗೆ: ಬದಲಾಯಿಸಿದ ಬೇರಿಂಗೇ ಮತ್ತೆ ಹೋದದ್ದರ ಲೆಕ್ಕ. ಸಮೀಕರಣದ ಎರಡು ಪದಗಳು ಹೀಗೆ ಬಿಡಿಬಿಡಿಯಾಗಿ ಕಣ್ಣಿಗೆ ಬಿದ್ದಾಗ ಅದು ಏನು ಹೇಳುತ್ತಿದೆ ಎಂದು ನಿಜಕ್ಕೂ ಅರ್ಥವಾಗುತ್ತದೆ.

ಆ 25 ಬೇರಿಂಗ್ ಎಲ್ಲಿ ಹೋದವು?

2 ವರ್ಷಕ್ಕೆ m(2) = 0.7546. 100 ಮೋಟಾರ್‌ಗೆ 75. 10 ವರ್ಷಕ್ಕೆ 4.75, ಅಂದರೆ 500ರ ಬದಲು 475. ಘಾತೀಯ ಪದ ಎರಡು ವರ್ಷ ತುಂಬುವಷ್ಟರಲ್ಲಿ ಬಹುಪಾಲು ಕರಗಿಹೋಗಿರುತ್ತದೆ. t/2 ಎಂಬ ರೇಖೆಗಿಂತ 1/4 ಕೆಳಗೆ ಉತ್ತರ ಸಮಾಂತರವಾಗಿ ಸಾಗುತ್ತದೆ. ಆ ಕಾಲು ಭಾಗದ ಕೊರತೆ ಆಮೇಲೆ ತುಂಬಿಬರುವುದೇ ಇಲ್ಲ.

ಕಾರಣ ಆರಂಭದಲ್ಲಿದೆ. m(t) ಅನ್ನು ಅವಕಲಿಸಿದರೆ ಬದಲಾವಣೆಯ ವೇಗ ಸಿಗುತ್ತದೆ: (1 − e^(-2t))/2. ಮೊದಲ ದಿನ ಅದು ಸೊನ್ನೆ, ಏಕೆಂದರೆ ಎಲ್ಲ ಬೇರಿಂಗೂ ಹೊಸದು, ಒಂದೂ ಇನ್ನೂ ಸದ್ದಿನ ಹಂತಕ್ಕೆ ಬಂದಿಲ್ಲ. ಕ್ರಮೇಣ ಅದು ವರ್ಷಕ್ಕೆ ಅರ್ಧ ಬೇರಿಂಗ್ ಎಂಬ ಸ್ಥಿರ ವೇಗಕ್ಕೆ ಏರುತ್ತದೆ. ಏರುವ ಮುಂಚಿನ ನೆಮ್ಮದಿಯ ತಿಂಗಳುಗಳಲ್ಲಿ ಉಳಿದದ್ದೇ ಮೋಟಾರಿಗೆ ಕಾಲು ಬೇರಿಂಗ್. "ಅವಧಿಯನ್ನು ಸರಾಸರಿ ಆಯಸ್ಸಿನಿಂದ ಭಾಗಿಸು" ಎಂಬ ಸುಲಭ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ.

ಈ ದಾರಿ ಎಲ್ಲಿ ಮುಗಿಯುತ್ತದೆ

ಬೇಸಿಗೆಯಲ್ಲಿ ಪಂಪ್ ಹೆಚ್ಚು ಹೊತ್ತು ಓಡಿ ಬೇರಿಂಗ್ ಬೇಗ ಹೋಗುವುದಾದರೆ, ಆಯಸ್ಸು ಬೇರಿಂಗ್‌ನ ವಯಸ್ಸಿನ ಜೊತೆಗೆ ತಿಂಗಳನ್ನೂ ಅವಲಂಬಿಸುತ್ತದೆ. ಆಗ ಇಂಟಿಗ್ರಲ್ ಒಳಗೆ t − τ ಮಾತ್ರ ಉಳಿಯುವುದಿಲ್ಲ, e^(-st) ಸೀಳುವ ಉಪಾಯವೂ ಕೈಕೊಡುತ್ತದೆ. ಇನ್ನೊಂದು ತೊಡಕು ನಿಜವಾದ ಅಂಕಿಅಂಶದ್ದು. ವರ್ಕ್‌ಶಾಪಿನ ರಿಜಿಸ್ಟರಿನಿಂದ ಬಂದ F ಗೆ 1 - (1 + t) e^(-t) ನಂಥ ಚೆಂದದ ಸೂತ್ರ ಇರುವುದಿಲ್ಲ. ಪರಿವರ್ತಿಸಿದರೂ ಹಿಂದಕ್ಕೆ ತರಲು ಕೋಷ್ಟಕ ನೆರವಾಗುವುದಿಲ್ಲ.

ಇಂಥ ರಿಜಿಸ್ಟರ್ ಇದ್ದಾಗ ಕಾಲವನ್ನು ತಿಂಗಳುಗಳಾಗಿ ಕತ್ತರಿಸಿ, m[0] = 0 ಇಂದ ಶುರುಮಾಡಿ, ಒಂದೊಂದೇ ತಿಂಗಳು ಮುಂದೆ ಹೋಗಬಹುದು:

```
m[n] = F[n] + Σ(k=1..n) m[n-k] · (F[k] - F[k-1])
```

ಬಲಗಡೆ ಬರುವ m ಗಳೆಲ್ಲ ಹಿಂದಿನ ತಿಂಗಳುಗಳವು, ಆಗಲೇ ಲೆಕ್ಕ ಹಾಕಿಟ್ಟವು. ಹಾಗಾಗಿ ಯಾವುದನ್ನೂ ಬಿಡಿಸುವ ಪ್ರಶ್ನೆಯಿಲ್ಲ, ಸ್ಪ್ರೆಡ್‌ಶೀಟ್ ಸಾಕು. ನಿಮ್ಮ ಶೀಟ್ ಸರಿ ಇದೆಯೇ ಎಂದು ನೋಡಲು ಮೊದಲು ಅದಕ್ಕೆ ನಮ್ಮ F(t) ಬೆಲೆಗಳನ್ನೇ ತುಂಬಿ. 24ನೇ ತಿಂಗಳ ಸಾಲಿನಲ್ಲಿ 0.75ರ ಆಸುಪಾಸಿನ ಸಂಖ್ಯೆ ಬರಬೇಕು, ತಿಂಗಳ ಬದಲು ವಾರ ಮಾಡಿದರೆ 0.7546ಕ್ಕೆ ಇನ್ನೂ ಹತ್ತಿರವಾಗಬೇಕು. ಬಂದರೆ ಆಮೇಲೆ ರಿಜಿಸ್ಟರಿನ ಅಂಕಿಗಳನ್ನು ತುಂಬಿ.