ಒಂಬತ್ತೂವರೆ ನಂತರದ ಬ್ರೇಕ್‌ಔಟ್: ವಾಲ್ಯೂಮ್ ನೋಡುವ ರೀತಿ, ನಷ್ಟಕ್ಕೆ ಹಾಕಿದ ಬೇಲಿ

ಪೇಟೆ ಒಂಬತ್ತೂಕಾಲಿಗೆ ತೆರೆಯುತ್ತದೆ. ಒಂಬತ್ತೂವರೆ ತನಕ ನಾನು ಏನೂ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ಐದು ನಿಮಿಷದ ಚಾರ್ಟಿನಲ್ಲಿ ಮೊದಲ ಮೂರು ಕ್ಯಾಂಡಲ್ ಮುಗಿಯಲಿ ಅಂತ ಕಾಯುತ್ತೇನೆ. ಆ ಹದಿನೈದು ನಿಮಿಷದಲ್ಲಿ ಷೇರು ಮುಟ್ಟಿದ ಅತಿ ಹೆಚ್ಚಿನ ಬೆಲೆಗೆ ಒಂದು ಗೆರೆ, ಅತಿ ಕಡಿಮೆ ಬೆಲೆಗೆ ಇನ್ನೊಂದು ಗೆರೆ. ಇದೇ ಓಪನಿಂಗ್ ರೇಂಜ್. ಆಮೇಲೆ ಒಂದು ಐದು ನಿಮಿಷದ ಕ್ಯಾಂಡಲ್ ಮೇಲಿನ ಗೆರೆಯ ಆಚೆ ಮುಗಿದರೆ ಕೊಳ್ಳುತ್ತೇನೆ, ಕೆಳಗಿನ ಗೆರೆಯ ಆಚೆ ಮುಗಿದರೆ ಮಾರುತ್ತೇನೆ. ಗೆರೆಯನ್ನು ಸುಮ್ನೆ ಮುಟ್ಟಿ ಬಂದರೆ ಲೆಕ್ಕಕ್ಕಿಲ್ಲ. ಕ್ಯಾಂಡಲ್ ಅಲ್ಲೇ ಮುಗಿಯಬೇಕು.

ಇಷ್ಟನ್ನು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಕಲಿಯಬಹುದು. ನನಗೆ ಜಾಸ್ತಿ ಸಮಯ ಹಿಡಿದದ್ದು ಬೇರೆ ಎರಡು ವಿಷಯಕ್ಕೆ. ಗೆರೆ ದಾಟಿದ ಕ್ಯಾಂಡಲ್‌ನ ವಾಲ್ಯೂಮ್ ದೊಡ್ಡದು ಅಂತ ಯಾವುದರ ಜೊತೆ ಹೋಲಿಸಿ ಹೇಳುವುದು? ದಿನಕ್ಕೆ ಇಷ್ಟೇ ನಷ್ಟ ಅಂತ ಮಿತಿ ಹಾಕಿಕೊಂಡರೆ ಅದು ಎಷ್ಟು ಷೇರು ಕೊಳ್ಳಬೇಕು ಅನ್ನುವುದನ್ನು ಹೇಗೆ ತೀರ್ಮಾನಿಸುತ್ತದೆ?

ಮೊದಲು ವಾಲ್ಯೂಮ್. ಹೆಚ್ಚಿನ ಚಾರ್ಟುಗಳಲ್ಲಿ ವಾಲ್ಯೂಮ್ ಕಂಬಗಳ ಮೇಲೆ 20 ಕ್ಯಾಂಡಲ್‌ಗಳ ಸರಾಸರಿ ಗೆರೆ ಹಾಕಿಕೊಳ್ಳಬಹುದು. ಕಂಬ ಆ ಗೆರೆಗಿಂತ ಎತ್ತರ ಇದ್ದರೆ ಬ್ರೇಕ್‌ಔಟ್ ಗಟ್ಟಿ ಅಂತ ಹೇಳಿಕೊಡುತ್ತಾರೆ. ಆದರೆ ಆ 20 ಕ್ಯಾಂಡಲ್ ಯಾವ ಹೊತ್ತಿನವು ಅಂತ ಒಮ್ಮೆ ಎಣಿಸಿ ನೋಡಿ. ಬೆಳಿಗ್ಗೆ 9:40ಕ್ಕೆ ಮುಗಿಯುವ ಕ್ಯಾಂಡಲ್ ಆ ದಿನದ ಐದನೆಯದು. ಉಳಿದ 15 ನಿನ್ನೆ ಮಧ್ಯಾಹ್ನ ಎರಡೂಕಾಲರಿಂದ ಮೂರೂವರೆ ತನಕದವು. ಅದೇ ಗೆರೆಯನ್ನು 10:45ಕ್ಕೆ ನೋಡಿದರೆ 18 ಕ್ಯಾಂಡಲ್ ಇವತ್ತಿನವೇ, ಬೆಳಗಿನ ಭಾರೀ ವಹಿವಾಟಿನ ಕ್ಯಾಂಡಲ್‌ಗಳೆಲ್ಲ ಅದರೊಳಗೆ ಇವೆ.

ಸಾಮಾನ್ಯವಾಗಿ ಪೇಟೆಯಲ್ಲಿ ವಹಿವಾಟು ಬೆಳಿಗ್ಗೆ ಜಾಸ್ತಿ, ನಡುಮಧ್ಯಾಹ್ನ ತಣ್ಣಗೆ, ಮುಗಿಯುವ ಹೊತ್ತಿಗೆ ಮತ್ತೆ ಏರುತ್ತದೆ. ಹಾಗಾಗಿ 20ರ ಗೆರೆ ಬೆಳಿಗ್ಗೆ ಬೇಗ ಸಾಧಾರಣ ಕಂಬವನ್ನೂ ದೊಡ್ಡದಾಗಿ ತೋರಿಸುತ್ತದೆ, ಹತ್ತೂವರೆ ದಾಟಿದ ಮೇಲೆ ನಿಜಕ್ಕೂ ದೊಡ್ಡದಾದ ಕಂಬವನ್ನು ಸಣ್ಣದು ಮಾಡುತ್ತದೆ. ಸಂತೆಯ ದಿನ ಬಂದ ಗಿರಾಕಿಗಳನ್ನು ಬೇರೆ ದಿನದವರ ಜೊತೆ ಹೋಲಿಸಿ ಅಂಗಡಿ ಚೆನ್ನಾಗಿ ನಡೀತಿದೆ ಅಂದ ಹಾಗೆ ಅದು.

ನಾನು ಹೋಲಿಸುವುದು ಅದೇ ಷೇರಿನ, ಅದೇ ಹೊತ್ತಿನ ಕ್ಯಾಂಡಲ್ ಜೊತೆ. 9:40ರಿಂದ 9:45ರ ಕ್ಯಾಂಡಲ್ ಗೆರೆ ದಾಟಿದರೆ, ಹಿಂದಿನ ಹತ್ತು ವಹಿವಾಟಿನ ದಿನಗಳಲ್ಲಿ ಅದೇ ಐದು ನಿಮಿಷದಲ್ಲಿ ಎಷ್ಟು ಷೇರು ಕೈ ಬದಲಾಯಿಸಿವೆ ಅಂತ ನೋಡುತ್ತೇನೆ. ಹಿಂದಿನ ಸಂಜೆಯೇ ಶೀಟ್‌ನಲ್ಲಿ ಆ ಸಂಖ್ಯೆಗಳನ್ನು ತುಂಬಿಟ್ಟುಕೊಂಡಿರುತ್ತೇನೆ.

```
=MEDIAN(C2:C11)
```

ಸರಾಸರಿ ಯಾಕಲ್ಲ ಅಂದರೆ, ಹತ್ತು ದಿನದಲ್ಲಿ ಒಂದು ದಿನ ಕಂಪನಿಯ ತ್ರೈಮಾಸಿಕ ಫಲಿತಾಂಶ ಬಂದಿದ್ದರೂ ಲೆಕ್ಕ ಕೆಡುತ್ತದೆ. ಒಂಬತ್ತು ದಿನ 1.9 ಲಕ್ಷದ ಆಸುಪಾಸು ಇದ್ದು ಒಂದು ದಿನ 9 ಲಕ್ಷ ಆಗಿದ್ದರೆ ಸರಾಸರಿ 2.6 ಲಕ್ಷಕ್ಕೆ ಜಿಗಿಯುತ್ತದೆ. ಮೀಡಿಯನ್ ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ಅದು 1.9ರಲ್ಲೇ ನಿಲ್ಲುತ್ತದೆ. ಗೆರೆ ದಾಟಿದ ಕ್ಯಾಂಡಲ್‌ನ ವಾಲ್ಯೂಮ್ ಇದರ ಒಂದೂವರೆ ಪಟ್ಟಾದರೂ ಇರಬೇಕು ಅನ್ನುವುದು ನನ್ನ ನಿಯಮ. ಒಂದೂವರೆ ಅನ್ನುವುದು ಶಾಸ್ತ್ರವಲ್ಲ, ನಾನು ನೋಡುವ ದೊಡ್ಡ ಷೇರುಗಳಿಗೆ ಹೊಂದಿಕೊಂಡ ಅಂಕಿ ಅಷ್ಟೇ.

ವಾಲ್ಯೂಮ್ ಒಂದೇ ಸಾಲದು. ಪ್ರತಿ ವಹಿವಾಟಿನಲ್ಲೂ ಕೊಂಡವನೊಬ್ಬ, ಮಾರಿದವನೊಬ್ಬ ಇರುತ್ತಾನೆ ಅಲ್ವಾ? ಕಂಬ ಎತ್ತರ ಇದ್ದರೆ ಇಬ್ಬರೂ ಜೋರಾಗಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ಗೆದ್ದವರು ಯಾರು ಅನ್ನುವುದನ್ನು ಕ್ಯಾಂಡಲ್ ಹೇಳಬೇಕು. ಮೇಲಿನ ಗೆರೆ ದಾಟಿ, ಉದ್ದನೆಯ ಬತ್ತಿ ಬಿಟ್ಟು, ಕ್ಯಾಂಡಲ್‌ನ ಅರ್ಧಕ್ಕಿಂತ ಕೆಳಗೆ ಬಂದು ಮುಗಿದರೆ ಮೇಲೆ ಮಾರುವವರು ಕಾದು ಕೂತಿದ್ದಾರೆ ಅಂತ ಅರ್ಥ. ಅಂಥ ಕಡೆ ವಾಲ್ಯೂಮ್ ಮೂರು ಪಟ್ಟಿದ್ದರೂ ನಾನು ಬಿಡುತ್ತೇನೆ. ಮುಕ್ತಾಯದ ಬೆಲೆ ಕ್ಯಾಂಡಲ್‌ನ ಮೇಲಿನ ಮೂರನೇ ಒಂದು ಭಾಗದಲ್ಲಿ ಇರಬೇಕು.

ಇನ್ನು ದಿನದ ಮಿತಿ. ನನ್ನ ಇಂಟ್ರಾಡೇ ಬಂಡವಾಳ ಎರಡು ಲಕ್ಷ, ದಿನದ ನಷ್ಟಕ್ಕೆ 2,000 ರೂಪಾಯಿ ಗಡಿ. ಒಂದು ಟ್ರೇಡ್‌ನಲ್ಲಿ 800ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು. ಬ್ರೋಕರೇಜ್, ತೆರಿಗೆ, ಸ್ಲಿಪೇಜ್ ಎಲ್ಲ ಆ 800ರ ಒಳಗೇ ಬರಬೇಕು. ಎಷ್ಟು ಷೇರು ಅನ್ನುವುದನ್ನು ಖಾತೆಯಲ್ಲಿರುವ ದುಡ್ಡು ನೋಡಿ ತೀರ್ಮಾನಿಸುವುದಿಲ್ಲ. ಕೊಂಡ ಬೆಲೆಯಾದ ಎಂಟ್ರಿಗೂ, ನಷ್ಟ ಒಪ್ಪಿಕೊಂಡು ಹೊರಬರುವ ಬೆಲೆಯಾದ ಸ್ಟಾಪ್‌ಗೂ ನಡುವಿನ ದೂರ ಅದನ್ನು ತೀರ್ಮಾನಿಸುತ್ತದೆ.

ಒಂದು ಬ್ಯಾಂಕ್ ಷೇರಿನ ಬೆಳಗನ್ನು ಬಿಡಿಸಿ ಹೇಳುತ್ತೇನೆ. ಹೆಸರು ಬೇಡ, ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನೂ ಸ್ವಲ್ಪ ದುಂಡಗೆ ಮಾಡಿದ್ದೇನೆ. ಓಪನಿಂಗ್ ರೇಂಜ್ 812.40ರಿಂದ 820. ಅಂದರೆ 7.60 ರೂಪಾಯಿ ಅಗಲ, ಬೆಲೆಯ ಶೇ. 0.9ರಷ್ಟು. 9:45ಕ್ಕೆ ಮುಗಿದ ಕ್ಯಾಂಡಲ್ 821.20ರಲ್ಲಿ ನಿಂತಿತು, ತುದಿಗೆ ಹತ್ತಿರವೇ. ವಾಲ್ಯೂಮ್ 4.1 ಲಕ್ಷ, ಆ ಹೊತ್ತಿನ ಮೀಡಿಯನ್ 1.9 ಲಕ್ಷ. ಎರಡು ಪಟ್ಟಿಗಿಂತ ಜಾಸ್ತಿಯೇ ಆಯಿತು. ನನಗೆ ಸಿಕ್ಕ ಬೆಲೆ 821.30. ಸ್ಟಾಪ್ ರೇಂಜ್‌ನ ನಡುವೆ, 816.20ಕ್ಕೆ. ರೇಂಜ್‌ನ ಕೆಳತುದಿಯಲ್ಲಿ ಸ್ಟಾಪ್ ಇಡುವವರೂ ಇದ್ದಾರೆ. ನನ್ನ ಪ್ರಕಾರ ಬೆಲೆ ಅರ್ಧ ರೇಂಜ್ ವಾಪಸ್ ಬಂದರೆ ಬ್ರೇಕ್‌ಔಟ್ ಸತ್ತ ಹಾಗೆಯೇ, ಇನ್ನೂ ಕಾಯುವುದರಲ್ಲಿ ಅರ್ಥವಿಲ್ಲ.

ದೂರ 5.10. ಸ್ಟಾಪ್ ಮುಟ್ಟಿದಾಗ ಸರಿಯಾಗಿ ಅದೇ ಬೆಲೆ ಸಿಗುವುದಿಲ್ಲ, ಅದಕ್ಕೆ 30 ಪೈಸೆ ಸೇರಿಸುತ್ತೇನೆ. ಖರ್ಚಿಗೆ 90 ರೂಪಾಯಿ ಮೊದಲೇ ಪಕ್ಕಕ್ಕಿಡುತ್ತೇನೆ. B2 ಎಂಟ್ರಿ, B3 ಸ್ಟಾಪ್:

```
=INT((800-90)/(B2-B3+0.3))
```

ಉತ್ತರ 131. ನಾನು 130 ಕೊಂಡೆ. ಒಟ್ಟು ಮೌಲ್ಯ ಸುಮಾರು 1.07 ಲಕ್ಷ, ಲಿವರೇಜ್ ಬೇಕಾಗಲಿಲ್ಲ. ಸ್ಟಾಪ್ ಹೊಡೆದಿದ್ದರೆ 702 ರೂಪಾಯಿ, ಖರ್ಚು ಸೇರಿ 790ರ ಒಳಗೇ ಮುಗಿಯುತ್ತಿತ್ತು. ಆ ಖರ್ಚಿನಲ್ಲಿ ಎರಡು ಆರ್ಡರ್‌ಗೆ 40 ರೂಪಾಯಿ ಬ್ರೋಕರೇಜ್, ಮಾರುವಾಗ ಶೇ. 0.025ರ ಎಸ್‌ಟಿಟಿ 27 ರೂಪಾಯಿ, ಉಳಿದದ್ದು ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಡ್ಯೂಟಿ, ಜಿಎಸ್‌ಟಿ.

ಆ ದಿನ ಸ್ಟಾಪ್ ಹೊಡೆಯಲಿಲ್ಲ. ರೇಂಜ್‌ನ ಅಗಲವನ್ನೇ ಮೇಲಿನ ಗೆರೆಗೆ ಕೂಡಿದರೆ 827.60. ಅಲ್ಲಿ ಅರ್ಧ, ಅಂದರೆ 65 ಷೇರು ಮಾರಿದೆ. ಉಳಿದರ್ಧಕ್ಕೆ ಹದಿನೈದು ನಿಮಿಷದ ಕ್ಯಾಂಡಲ್‌ನ ತಳವನ್ನು ಸ್ಟಾಪ್ ಮಾಡಿಕೊಂಡು ಹಿಂದೆ ಹಿಂದೆ ಬಂದೆ, ಅದು 825.80ರಲ್ಲಿ ಹೋಯಿತು. ಒಟ್ಟು 702 ಲಾಭ, ಮೂರು ಆರ್ಡರ್‌ನ ಖರ್ಚು ಕಳೆದು ಕೈಗೆ ಬಂದದ್ದು 600ರ ಹತ್ತಿರ.

ಇಲ್ಲಿ ಸ್ವಲ್ಪ ನಿಲ್ಲಬೇಕು. 800 ಪಣಕ್ಕಿಟ್ಟು 600 ಗಳಿಸಿದ್ದು ಇದು. ಗೆದ್ದಾಗಲೆಲ್ಲ 600, ಸೋತಾಗಲೆಲ್ಲ 800 ಅಂತಾದರೆ, ನೂರರಲ್ಲಿ 57ಕ್ಕಿಂತ ಜಾಸ್ತಿ ಗೆದ್ದರಷ್ಟೇ ಅಸಲು ಉಳಿಯುತ್ತದೆ. ಓಪನಿಂಗ್ ರೇಂಜ್ ಬ್ರೇಕ್‌ಔಟ್ ಅಷ್ಟು ಸಲ ಗೆಲ್ಲುತ್ತದೆ ಅಂತ ನಾನು ನಂಬುವುದಿಲ್ಲ. ಇದರಲ್ಲಿ ದುಡ್ಡು ಬರುವುದು ಮಧ್ಯಾಹ್ನದ ತನಕ ಒಂದೇ ದಿಕ್ಕಿಗೆ ಓಡುವ ಕೆಲವೇ ದಿನಗಳಿಂದ. ಅರ್ಧವನ್ನು ಬೇಗ ಮಾರಿದರೆ ಆ ದಿನಗಳ ಲಾಭವೂ ಅರ್ಧವಾಗುತ್ತದೆ. ಹಾಗಾಗಿ ಈಗ ಪೂರ್ತಿ ಇಟ್ಟುಕೊಂಡು, ಸ್ಟಾಪ್ ಏರಿಸುತ್ತಾ ಹೋಗಿ, ಕೊನೆಗೆ 3:10ಕ್ಕೆ ನಾನೇ ಮುಗಿಸುತ್ತೇನೆ. ಬ್ರೋಕರ್ ತಾನಾಗಿ ಸ್ಕ್ವೇರ್ ಆಫ್ ಮಾಡುವ ತನಕ ಬಿಟ್ಟರೆ ಕೆಲವು ಕಡೆ ಅದಕ್ಕೂ ಶುಲ್ಕ ಇದೆ.

ರೇಂಜ್ ತೀರಾ ಕಿರಿದಾಗಿದ್ದರೆ ಇದೇ ಲೆಕ್ಕ ಬೇರೆ ಥರ ಕಾಣುತ್ತದೆ. ಅದೇ 820ರ ಷೇರಿನ ರೇಂಜ್ ಬರೀ 2.40 ರೂಪಾಯಿ ಅಂದುಕೊಳ್ಳಿ. ಗೆರೆಗಿಂತ 30 ಪೈಸೆ ಮೇಲೆ ಕೊಂಡರೆ ಸ್ಟಾಪ್ ಒಂದೂವರೆ ರೂಪಾಯಿ ದೂರದಲ್ಲಷ್ಟೇ ಇರುವುದರಿಂದ ಸೂತ್ರ 400ರಷ್ಟು ಷೇರು ಕೊಳ್ಳಲು ಹೇಳುತ್ತದೆ. ಅಂದರೆ 3.3 ಲಕ್ಷದ ವಹಿವಾಟು, ಲಿವರೇಜ್ ಇಲ್ಲದೆ ಆಗುವುದಿಲ್ಲ. ಖರ್ಚು 160 ದಾಟುತ್ತದೆ, ಪಣದ ಐದನೇ ಒಂದು ಭಾಗ ಅಲ್ಲೇ ಹೋಯಿತು. ಅದಕ್ಕೇ ರೇಂಜ್ ಬೆಲೆಯ ಅರ್ಧ ಶೇಕಡಕ್ಕಿಂತ ಕಿರಿದಾಗಿದ್ದರೆ ನಾನು ಆ ಷೇರನ್ನು ಪಟ್ಟಿಯಿಂದ ತೆಗೆಯುತ್ತೇನೆ. ದೊಡ್ಡ ಗ್ಯಾಪ್‌ನಲ್ಲಿ ತೆರೆದು ರೇಂಜ್ ಒಂದೂವರೆ ಶೇಕಡಕ್ಕಿಂತ ಅಗಲವಾದರೂ ಬೇಡ. ಆ ದಿನದ ಓಟ ಬಹುಪಾಲು ಮುಗಿದೇ ಹೋಗಿರುತ್ತದೆ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಜನ ನಷ್ಟದಲ್ಲಿದ್ದರು. ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಜಿಪುಣತನ ಅಲ್ಲ.

2,000ದ ಗಡಿಯನ್ನು ನಾನು ನೋಡುವುದು ಆರ್ಡರ್ ಹಾಕುವ ಮೊದಲು. ಎರಡು ಸಾವಿರದಿಂದ ಆಗಿರುವ ನಷ್ಟ ಕಳೆಯುತ್ತೇನೆ, ಈಗ ತೆರೆದಿರುವ ಟ್ರೇಡ್‌ಗಳ ಪಣವನ್ನೂ ಕಳೆಯುತ್ತೇನೆ. ಉಳಿದದ್ದು 800ಕ್ಕಿಂತ ಕಡಿಮೆ ಇದ್ದರೆ ಹೊಸ ಟ್ರೇಡ್ ಇಲ್ಲ. ಎರಡು ಸಲ ಪೂರ್ತಿ ಸೋತರೆ ಉಳಿಯುವುದು ಸುಮಾರು 400. ಅದನ್ನು ಮೂರನೇ ಟ್ರೇಡ್‌ಗೆ ಬಳಸುವುದಿಲ್ಲ. ಸ್ಟಾಪ್ ದಾಟಿ ಬೆಲೆ ಜಿಗಿದ ದಿನಕ್ಕೆ ಅಂತ ಇಟ್ಟದ್ದು ಅದು. ಗಡಿ ಮುಗಿದ ತಕ್ಷಣ ಬ್ರೋಕರ್ ಆ್ಯಪ್‌ನ ಕಿಲ್ ಸ್ವಿಚ್ ಒತ್ತುತ್ತೇನೆ. ಒತ್ತಿದರೆ ಕೆಲವು ಗಂಟೆ ಹೊಸ ಆರ್ಡರ್ ಹಾಕಲು ಆಗುವುದಿಲ್ಲ. ಒತ್ತುವ ಮೊದಲು ಯಾವ ಟ್ರೇಡೂ ತೆರೆದಿಲ್ಲ, ಬಾಕಿ ಆರ್ಡರ್ ಇಲ್ಲ ಅಂತ ನೋಡಿಕೊಳ್ಳಬೇಕು.

ಈ ಗಡಿ ಕೂಡ ಕೈಕೊಡುವ ಜಾಗಗಳಿವೆ. SL ಆರ್ಡರ್‌ನಲ್ಲಿ ಟ್ರಿಗರ್ ಬೆಲೆಯನ್ನೇ ಲಿಮಿಟ್ ಬೆಲೆಯಾಗಿ ಹಾಕಿದರೆ, ಬೆಲೆ ಸರ್ರನೆ ಇಳಿದಾಗ ಆರ್ಡರ್ ಮೇಲೆಯೇ ನೇತಾಡುತ್ತದೆ, ಷೇರು ಮಾರಾಟವೇ ಆಗುವುದಿಲ್ಲ. ಟ್ರಿಗರ್ 816.20 ಇದ್ದರೆ ಲಿಮಿಟ್ ಎರಡು ರೂಪಾಯಿಯಾದರೂ ಕೆಳಗಿಡುತ್ತೇನೆ. ಮತ್ತೊಂದು, ಒಂದೇ ಹೊತ್ತಿಗೆ ಎರಡು ಬ್ಯಾಂಕ್ ಷೇರು ಗೆರೆ ದಾಟಿದರೆ ಅವು ಎರಡು ಟ್ರೇಡ್ ಅಲ್ಲ, ಒಂದೇ. ಬ್ಯಾಂಕ್ ಸೂಚ್ಯಂಕ ತಿರುಗಿದರೆ ಎರಡರ ಸ್ಟಾಪೂ ಒಟ್ಟಿಗೆ ಹೊಡೆಯುತ್ತದೆ. ಅಂಥ ಕಡೆ ವಾಲ್ಯೂಮ್ ಅನುಪಾತ ಜಾಸ್ತಿ ಇರುವ ಒಂದನ್ನಷ್ಟೇ ತೆಗೆದುಕೊಳ್ಳುತ್ತೇನೆ.

ರಿಸರ್ವ್ ಬ್ಯಾಂಕ್ ಬಡ್ಡಿದರ ಪ್ರಕಟಿಸುವ ದಿನ ಹೇಳಿಕೆ ಬೆಳಿಗ್ಗೆ ಹತ್ತಕ್ಕೆ ಬರುತ್ತದೆ. ಒಂಬತ್ತೂವರೆಗೆ ಎಳೆದ ಗೆರೆಗಳಲ್ಲಿ ಆ ಸುದ್ದಿ ಇರುವುದೇ ಇಲ್ಲ. ಅವತ್ತು ಬ್ಯಾಂಕ್ ಷೇರುಗಳನ್ನು ಬಿಟ್ಟು ಉಳಿದವುಗಳಿಗೆ ಮಾತ್ರ ಶೀಟ್ ತುಂಬುತ್ತೇನೆ, ಆದರೂ ಹತ್ತೂಕಾಲರ ತನಕ ಆರ್ಡರ್ ಹಾಕುವುದಿಲ್ಲ.