ಕಿವಿಯನ್ನು ಬದಿಗಿಟ್ಟು ಹುಕ್ ಹುಡುಕಿದ್ದು

ಸ್ಕ್ರ್ಯಾಬಲ್ ಆಡಲು ಆರಂಭಿಸಿದ ಮೊದಲ ವರ್ಷಗಳಲ್ಲಿ ಹುಕ್ ಎಂದರೆ ನನ್ನ ಪಾಲಿಗೆ ಪದದ ಕೊನೆಗೆ ಎಸ್ ಸೇರಿಸುವುದಷ್ಟೇ ಆಗಿತ್ತು. ಬೋರ್ಡಿನ ಮೇಲಿರುವ ಪದದ ಮುಂದೆ ಅಥವಾ ಹಿಂದೆ ಒಂದೇ ಅಕ್ಷರ ಕೂಡಿಸಿ ಅದನ್ನು ಹೊಸ ಪದವಾಗಿಸುತ್ತ, ಅದೇ ಅಕ್ಷರವನ್ನು ಹಾದುಹೋಗುವಂತೆ ಅಡ್ಡಲಾಗಿ ಇನ್ನೊಂದು ಪದವನ್ನು ಜೋಡಿಸಿದರೆ ಎರಡೂ ಪದಗಳ ಅಂಕ ಸಿಗುತ್ತದೆ. ಆದರೆ ಇಂಗ್ಲಿಷ್ ಆಟದ ನೂರು ಬಿಲ್ಲೆಗಳಲ್ಲಿ ಎಸ್ ಇರುವುದು 4 ಮಾತ್ರ. ಅದನ್ನೇ ಕಾಯುತ್ತ ಕುಳಿತರೆ ಬಹುಪಾಲು ಹುಕ್‌ಗಳು ಕಣ್ಣಿಗೆ ಬೀಳುವುದಿಲ್ಲ.

ನನ್ನ ತಪ್ಪಿನ ಮೂಲ ತಿಳಿದದ್ದು EIGHT ಎಂಬ ಪದದಿಂದ. ಅದಕ್ಕೆ ಕೊನೆಯಲ್ಲಿ ಎಸ್, ವೈ, ಎಚ್ ಸೇರುತ್ತವೆ ಎಂಬುದು ನನಗೆ ಹೊಳೆದಿತ್ತು. ಎದುರಾಳಿ ಅದರ ಮುಂದೆ ಎಚ್ ಇಟ್ಟು HEIGHT ಮಾಡಿದಾಗ ಮಾತ್ರ ಬೆರಗಾಯಿತು, ಏಕೆಂದರೆ ಆ ಪದ ನನಗೆ ಚೆನ್ನಾಗಿಯೇ ಗೊತ್ತಿತ್ತು. ಬರೆದಂತೆ ಓದುವ ಕನ್ನಡ ಲಿಪಿಯಲ್ಲಿ ಬೆಳೆದ ನಾನು ಬೋರ್ಡಿನ ಪದವನ್ನೂ ಮೊದಲು ಮನಸ್ಸಿನಲ್ಲಿ ಉಚ್ಚರಿಸಿಕೊಳ್ಳುತ್ತಿದ್ದೆ. ‘ಏಟ್’ ಎಂಬ ಧ್ವನಿಯ ಮುಂದೆ ಎಚ್ ಇಟ್ಟರೆ ‘ಹೈಟ್’ ಆಗುತ್ತದೆಂದು ಕಿವಿಗೆ ಹೊಳೆಯುವುದೇ ಇಲ್ಲ. ಉಚ್ಚಾರ ಬದಲಾಗುವ ಹುಕ್‌ಗಳೇ ಹೀಗೆ ಅಡಗಿರುತ್ತವೆ: COME ಪದಕ್ಕೆ ಟಿ ಸೇರಿದರೆ COMET, OVER ಪದಕ್ಕೆ ಟಿ ಸೇರಿದರೆ OVERT, LAUGHTER ಮುಂದೆ ಎಸ್ ಬಂದರೆ SLAUGHTER.

ಅಂದಿನಿಂದ ಪದವನ್ನು ಓದುವುದನ್ನು ಬಿಟ್ಟು, ಅದರ ಅಕ್ಷರಗಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳುವ ರೂಢಿ ಮಾಡಿಕೊಂಡೆ. ಎದುರಾಳಿ ಯೋಚಿಸುತ್ತಿರುವಾಗ, ಮುಂದೆ ಅಥವಾ ಹಿಂದೆ ಖಾಲಿ ಚೌಕವಿರುವ ಒಂದು ಪದವನ್ನು ಆರಿಸಿ, ಮೊದಲು ನನ್ನ ಕೈಯಲ್ಲಿರುವ ಏಳು ಅಕ್ಷರಗಳನ್ನು ಅದರ ಮುಂದೆ, ಆಮೇಲೆ ಅದರ ಹಿಂದೆ ಇಟ್ಟು ನೋಡುತ್ತೇನೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಇದೇ ಕೆಲಸವನ್ನು ಇಪ್ಪತ್ತಾರು ಅಕ್ಷರಗಳಿಗೂ ಮಾಡಿ, ಪುಟದ ನಡುವೆ ಪದವನ್ನೂ ಎಡಕ್ಕೆ ಮುಂದಿನ ಹುಕ್‌ಗಳನ್ನೂ ಬಲಕ್ಕೆ ಹಿಂದಿನವನ್ನೂ ಬರೆದಿಡುತ್ತೇನೆ. RANGE ಪದದ ಎಡಕ್ಕೆ ಜಿ ಮತ್ತು ಓ, ಬಲಕ್ಕೆ ಡಿ, ಆರ್ ಮತ್ತು ಎಸ್ ಬಂದವು. ಇವುಗಳಲ್ಲಿ ಓ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿತು, ಏಕೆಂದರೆ ಚೀಲದಲ್ಲಿ ಓ ಬಿಲ್ಲೆಗಳು 8 ಇರುತ್ತವೆ. ಮೇಲಾಗಿ ‘ರೇಂಜ್’ ಕೇಳಿದವರಿಗೆ ‘ಆರೆಂಜ್’ ಸುಲಭವಾಗಿ ನೆನಪಾಗುವುದಿಲ್ಲ.

ಆ ಟಿಪ್ಪಣಿ ಒಂದು ಆಟದಲ್ಲಿ ನೇರವಾಗಿ ಕೆಲಸಕ್ಕೆ ಬಂತು. RANGE ಎಂಟನೆಯ ಸಾಲಿನಲ್ಲಿ, ಎಡದಿಂದ ನಾಲ್ಕನೆಯ ಚೌಕದಿಂದ ಆರಂಭವಾಗಿತ್ತು. ಬೋರ್ಡಿನ ಮೇಲ್ಭಾಗವೂ ಬಲಭಾಗವೂ ತುಂಬಿದ್ದವು. ಎಡ ಅಂಚು ಮಾತ್ರ ತೆರೆದಿತ್ತು. ನನ್ನ ಬಳಿ ಇದ್ದವು A, E, I, L, O, T, V. ಮೊದಲಾಗಿದ್ದರೆ ಏಳಕ್ಷರದ ಪದ ಹುಡುಕಿ, ಆಮೇಲೆ ಅದಕ್ಕೆ ಜಾಗ ಹುಡುಕುತ್ತಿದ್ದೆ. ಈ ಬಾರಿ ಓ ನಿಲ್ಲಬೇಕಾದ ಚೌಕದಿಂದಲೇ ಹೊರಟು, ಅದರ ಮೇಲೆ ಎಷ್ಟು, ಕೆಳಗೆ ಎಷ್ಟು ಚೌಕ ಖಾಲಿ ಇವೆಯೆಂದು ಎಣಿಸಿದೆ. VIOLATE ಪದದಲ್ಲಿ ಓ ಮೂರನೆಯದು. ಮೇಲೆ ಎರಡು, ಕೆಳಗೆ ನಾಲ್ಕು ಚೌಕ ಬೇಕು, ಅಷ್ಟು ಜಾಗ ಇತ್ತು. ಪದದ ಮೌಲ್ಯ 10. ಐ ಮತ್ತು ಎಲ್ ಎರಡೂ ಅಕ್ಷರದ ಅಂಕ ಇಮ್ಮಡಿಯಾಗುವ ಚೌಕಗಳ ಮೇಲೆ ಬಿದ್ದದ್ದರಿಂದ 12 ಆಯಿತು. ORANGE ಪದಕ್ಕೆ 7, ಏಳೂ ಬಿಲ್ಲೆ ಇಳಿಸಿದ್ದಕ್ಕೆ 50, ಒಟ್ಟು 69.

ಇಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಹುಕ್ ನಿಲ್ಲುವ ಚೌಕ ಖಾಲಿ ಇದ್ದರೆ ಸಾಲದು, ಅದರಾಚೆಯ ಚೌಕವೂ ಖಾಲಿ ಇರಬೇಕು. ಅಲ್ಲಿ ಒಂದು ಅಕ್ಷರವಿದ್ದರೆ ಅದೂ ಕೂಡಿಕೊಂಡು ORANGE ಕೆಡುತ್ತದೆ. ಅವಸರದಲ್ಲಿ ಇದನ್ನು ಮರೆತು, ಎದುರಾಳಿ ಆಕ್ಷೇಪಿಸಿದಾಗ ಬಿಲ್ಲೆಗಳನ್ನೆಲ್ಲ ಹಿಂತೆಗೆದುಕೊಂಡು ಸರದಿ ಕಳೆದುಕೊಂಡಿದ್ದೇನೆ. ಇನ್ನೊಂದು, ಒಪ್ಪಿಕೊಂಡ ಪದಪಟ್ಟಿ ಯಾವುದು ಎಂಬುದು. QUIZ ಹಿಂದೆ ಎಸ್ ಸೇರುವುದಿಲ್ಲ; ಮುಂದೆ ಸೇರಿಸಿದ SQUIZ ಕಾಲಿನ್ಸ್ ಪಟ್ಟಿಯಲ್ಲಿದೆ, ಉತ್ತರ ಅಮೆರಿಕದ ಪಟ್ಟಿಯಲ್ಲಿಲ್ಲ. ಆದ್ದರಿಂದ ಇಂಥ ಹುಕ್‌ಗಳನ್ನು ನನ್ನ ಟಿಪ್ಪಣಿಯಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆದಿಟ್ಟುಕೊಂಡು, ಆಟ ಶುರುವಾಗುವ ಮೊದಲೇ ಯಾವ ಪಟ್ಟಿಯೆಂದು ಕೇಳಿ ತಿಳಿದುಕೊಳ್ಳುತ್ತೇನೆ.